ವಿನಾರ್ಸಿಯ ಮೂರನೆಯ ಚಿತ್ರ

ವಿನಾರ್ಸಿಗೆ ಮಗ್ಗದ ಕೆಲಸ ಬರುವುದಿಲ್ಲ. ತುಬಾನ್ ಜಿಲ್ಲೆಯ ಕೆರೆಕ್ ಸುತ್ತಿನ ಸುಣ್ಣದ ಕಲ್ಲಿನ ಗುಡ್ಡಗಳಲ್ಲಿ, ನೇಯುವವರ ಮನೆಯಲ್ಲೇ ಹುಟ್ಟಿದ ಹೆಂಗಸು ಹೀಗೆಂದರೆ ಕೇಳಿದವರು ನಗುತ್ತಾರೆ. ಅವಳು ಅದನ್ನು ಮುಚ್ಚಿಡುವುದಿಲ್ಲ. ಹದಿನೇಳರ ವಯಸ್ಸಿಗೆ ಸಿದೊಆರ್ಜೊದ ಬೂಟು ಕಾರ್ಖಾನೆಗೆ ಹೋದಳು, ಅಲ್ಲಿ ಅಟ್ಟೆಗೆ ಅಂಟು ಹಚ್ಚುವ ಸಾಲಿನಲ್ಲಿ ಯೌವನ ಕಳೆಯಿತು. ಕಾರ್ಖಾನೆ ಕೂಲಿ ಕಡಿಮೆಯಿರುವ ಇನ್ನೊಂದು ಊರಿಗೆ ಎದ್ದುಹೋದಾಗ ಗಂಡ ಮುಕ್ರಿಯ ಜೊತೆ ತವರಿಗೆ ಬಂದಳು. ಮುಕ್ರಿ ಕಲ್ಲಿನ ಲಾರಿ ಓಡಿಸಲು ಸೇರಿಕೊಂಡ. ಅವಳು ಚಿಕ್ಕಮ್ಮನ ಹತ್ತಿರ ನೀಲಿ ಬಣ್ಣ ಕಟ್ಟುವುದನ್ನು ಕಲಿತಳು. ಮಗ್ಗಕ್ಕೆ ಕೂರುವ ಬೆನ್ನು ಚಿಕ್ಕಂದಿನಲ್ಲೇ ತಯಾರಾಗಬೇಕು; ಬಣ್ಣದ ಕೈ ಯಾವ ವಯಸ್ಸಿನಲ್ಲಾದರೂ ಬರುತ್ತದೆ ಎಂದು ಚಿಕ್ಕಮ್ಮ ಹೇಳುತ್ತಿದ್ದಳು.

ತಾಯಿ ದಾರ್ಕೆಮ್ ಮಾತ್ರ ಮಗ್ಗವನ್ನು ಬಿಟ್ಟೆದ್ದವಳಲ್ಲ. ಎಳೆಯ ತುದಿಯನ್ನು ಕಂಬಕ್ಕೆ ಕಟ್ಟಿ, ಮರದ ಒರಗನ್ನು ಸೊಂಟದ ಹಿಂದಕ್ಕೆ ಕೊಟ್ಟು, ಕಾಲು ನೀಡಿ ನೆಲದ ಮೇಲೆ ಕೂತು ನೇಯುವ ಮಗ್ಗ ಅದು. ಬಿಗಿಯೆಲ್ಲ ನೇಯುವವಳ ಬೆನ್ನಿನಿಂದಲೇ ಬರಬೇಕು. ಹೊಕ್ಕನ್ನು ಬಡಿದು ಕೂರಿಸುವ ಹಲಗೆಯ ಸದ್ದಿಗೇ ಆ ಬಟ್ಟೆಗೆ ಗೆದೊಗ್ ಎಂದು ಹೆಸರು ಬಂತು ಎನ್ನುತ್ತಾರೆ. ದಾರ್ಕೆಮ್ ಹೊಲದಂಚಿನಲ್ಲಿ ಬೆಳೆದ ಅರಳೆ ಬಿಡಿಸಿ, ಬೀಜ ತೆಗೆದು, ಹಿಂಜಿ, ಹಂಜಿ ಮಾಡಿ, ರಾಟೆಯಲ್ಲಿ ನೂತು, ನೇಯುತ್ತಿದ್ದಳು. ಬಟ್ಟೆ ಬೇಲಿಯಾಚೆಯ ಮನೆಯ ಯು ತಾಸ್ರಿಗೆ ಹೋಗುತ್ತಿತ್ತು. ವಯಸ್ಸಿನಲ್ಲಿ ದೊಡ್ಡವಳಾದ ತಾಸ್ರಿಯನ್ನು ವಿನಾರ್ಸಿ 'ಯು' ಎಂದೇ, ಅಕ್ಕ ಎಂಬಂತೆ, ಕರೆಯುತ್ತಾಳೆ. ತಾಸ್ರಿ ಅದರ ಮೇಲೆ ಬಿಸಿ ಮೇಣದಲ್ಲಿ ಹಕ್ಕಿ, ಕಡಲಪಾಚಿ, ಕುಂಬಳದ ಹೂವು ಬರೆಯುತ್ತಿದ್ದಳು. ಆಮೇಲೆ ಅದು ವಿನಾರ್ಸಿಯ ನೀಲಿಯ ಹಂಡೆಗೆ ಇಳಿಯುತ್ತಿತ್ತು. ಮಾರುವುದೂ ವಿನಾರ್ಸಿಯ ಕೆಲಸ. ಅವಳ ಇನ್‌ಸ್ಟಾಗ್ರಾಂ ಪುಟಕ್ಕೆ ಹೆಚ್ಚು ಜನ ಬರುತ್ತಿರಲಿಲ್ಲ, ಬಂದವರು ಬೇಗ ಹೋಗುತ್ತಲೂ ಇರಲಿಲ್ಲ.

ಬಂದವರಲ್ಲಿ ಬಹಳ ಮಂದಿ ಒಂದೇ ಮಾತು ಬರೆದುಹೋಗುತ್ತಿದ್ದರು. 'ಸೆಲೆಂದಾಂಗ್ ಒಂದಕ್ಕೆ ಇಪ್ಪತ್ತೆಂಟು ಲಕ್ಷ ರುಪಿಯಾ? ಚಿನ್ನದ ಎಳೆಯಾ?' 'ಇದೇ ಹಕ್ಕಿ ಸಂತೆಯಲ್ಲಿ ಎಂಬತ್ತು ಸಾವಿರಕ್ಕೆ ಸಿಗುತ್ತೆ, ಸಿಸ್.' ಹೆಗಲಿಗೆ ಹೊದೆಯುವ ಆ ಉದ್ದನೆಯ ವಸ್ತ್ರದ ಹೆಸರಲ್ಲಿ ಸಂತೆಯಲ್ಲಿ ಸಿಗುವುದು ಅಚ್ಚು ಹೊಡೆದ ಗಿರಣಿ ಬಟ್ಟೆ. ವಿನಾರ್ಸಿ ಒಬ್ಬೊಬ್ಬರಿಗೂ ಉತ್ತರ ಬರೆದು ಬರೆದು ಸೋತಿದ್ದಳು.

ಒಣ ಋತುವಿನ ಮೊದಲಲ್ಲಿ ಜಕಾರ್ತದಿಂದ ಪ್ರಮೇಸ್ತಿ ಎಂಬಾಕೆ ಫೋನು ಮಾಡಿದಳು. ಅವಳದು ಕೈಕೆಲಸದ ಬಟ್ಟೆಗಳನ್ನಷ್ಟೇ ಇಡುವ ಅಂಗಡಿ; ವಿನಾರ್ಸಿಯನ್ನು ಗೌರವದಿಂದ 'ಮ್ಬಾಕ್' ಎನ್ನುತ್ತಿದ್ದಳು.

"ಮ್ಬಾಕ್ ವಿನ್, ನಿಮ್ಮ ಬಟ್ಟೆ ನಂಗೆ ಇಷ್ಟ. ಎಂಟು ತಗೋತೀನಿ. ಆದ್ರೆ ನಮ್ಮಲ್ಲಿಗೆ ಬರೋರು ಯಾಕಿಷ್ಟು ಬೆಲೆ ಅಂತ ಕೇಳ್ತಾರೆ. ನಾನು ಹೇಳಿದ್ರೆ ವ್ಯಾಪಾರದ ಮಾತು ಅಂತಾರೆ. ನೀವೇ ಹೇಳಿ. ಹತ್ತು ಸ್ಲೈಡು ಮಾಡಿ ಹಾಕಿ. ಹೇಗೆ ಮಾಡ್ತೀರಿ, ದುಡ್ಡು ಯಾರ್‍ಯಾರಿಗೆ ಹೋಗುತ್ತೆ, ಎಲ್ಲ. ಅದನ್ನೇ ಅಂಗಡೀಲಿ ತೋರಿಸ್ತೀನಿ."

ಬೆರಳಿನಿಂದ ಒಂದಾದ ಮೇಲೊಂದು ಸರಿಸಿ ನೋಡುವ ಚಿತ್ರಮಾಲೆ. ಎಂಟು ಬಟ್ಟೆ ಒಮ್ಮೆಗೆ ಹೋಗುವುದೆಂದರೆ ಎರಡೂ ಮನೆಗಳಿಗೆ ಮಳೆ ಬರುವವರೆಗೆ ಯೋಚನೆಯಿಲ್ಲ. ತಾಸ್ರಿಯ ಮಾಡಿನ ಹಂಚು ಬದಲಾಗಬೇಕಿತ್ತು. ವಿನಾರ್ಸಿ ಅಂದೇ ಶುರುಮಾಡಿದಳು.

ಮೊದಲ ಚಿತ್ರಕ್ಕೆ ಬಟ್ಟೆ, ಎರಡನೆಯದಕ್ಕೆ ಹೊಲದಂಚಿನ ಅರಳೆ. ಮೂರನೆಯದಕ್ಕೆ ರಾಟೆಯ ಮುಂದೆ ಕೂತ ತಾಯಿ. ಅದರ ಮೇಲೆ 'ಒಂದೊಂದು ಎಳೆಯೂ ನನ್ನ ತಾಯಿಯ ಕೈಯಲ್ಲಿ ನೂತದ್ದು' ಎಂದು ಬರೆದಳು. ಈ ಸಾಲು ಅವಳಿಗೆ ಹೊಸದಲ್ಲ. ಪುಟ ತೆರೆದ ದಿನದಿಂದ ಪ್ರತಿ ಬಟ್ಟೆಗೆ ಕಟ್ಟುವ ಚೀಟಿಯಲ್ಲೂ ಇದೇ ಇತ್ತು.

ಮೇಣದ ಚಿತ್ರಕ್ಕೆ ತಾಸ್ರಿಯ ಜಗಲಿಗೆ ಹೋದಳು. ತಾಸ್ರಿ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾಮ್ರದ ಪುಟ್ಟ ಕೊಳವೆಯ ಚಾಂಟಿಂಗಿನ ಮೂತಿಗೆ ಊದಿ, ತೊಡೆಯ ಮೇಲೆ ಹರವಿದ ಬಟ್ಟೆಗೆ ಗೆರೆ ಎಳೆಯುತ್ತಿದ್ದಳು.

"ಮುಖ ಬರೋ ಹಂಗೆ ತೆಗಿ. ನನ್ನ ಅಳಿಯ ನೋಡ್ಲಿ, ಅತ್ತೆ ಸುಮ್ನೆ ಕೂತು ಅಡಿಕೆ ಅಗೀತಾಳೆ ಅಂದ್ಕೊಂಡಿದಾನೆ."

"ಅಡಿಕೆ ಉಗುಳು ಮೊದ್ಲು, ಯು. ಬಾಯಿ ಕೆಂಪು ಕಾಣುತ್ತೆ."

"ಕಾಣ್ಲಿ ಬಿಡು. ಬಣ್ಣ ಹಾಕಿಲ್ಲ, ಅಸಲಿ ಅಂತ ಬರಿ." ತಾಸ್ರಿ ಬಟ್ಟೆಯನ್ನು ಮಗುಚಿದಳು. "ಇದನ್ನೂ ಹೇಳು. ಈ ದಪ್ಪ ಬಟ್ಟೆಗೆ ಎರಡೂ ಬದಿಗೆ ಮೇಣ ಕೊಡ್ಬೇಕು. ಒಂದೇ ಬದಿ ಕೊಟ್ರೆ ಹಿಂದಿನಿಂದ ನೀಲಿ ನುಗ್ಗಿ ಹಕ್ಕಿ ಸತ್ತುಹೋಗುತ್ತೆ."

ವಿನಾರ್ಸಿ ಅದನ್ನು ಬರೆದುಕೊಂಡಳು. ತನ್ನ ಕೆಲಸದ ಚಿತ್ರಗಳನ್ನೂ ತೆಗೆದಳು. ನೀಲಿಯ ಸೊಪ್ಪನ್ನು ನೆನೆಹಾಕಿ, ಆ ನೀರಿಗೆ ಸುಣ್ಣ ಬೆರೆಸಿ ಕಡೆದು, ತಳಕ್ಕಿಳಿದ ಗಸಿಯನ್ನು ತಾಳೆಬೆಲ್ಲ ಹಾಕಿ ಹುಳಿಸಿದ ಹಂಡೆ. ಅದರಿಂದ ಎತ್ತಿದಾಗ ಹಸಿರಾಗಿದ್ದು ಗಾಳಿ ತಾಗಿದಂತೆ ನೀಲಿಗೆ ತಿರುಗುವ ಬಟ್ಟೆ. ಬೇಕಾದ ಗಾಢತೆ ಬರುವತನಕ ಮತ್ತೆ ಮತ್ತೆ ಮುಳುಗಿಸುವುದು. ಕೊನೆಗೆ ಕುದಿನೀರಲ್ಲಿ ಮೇಣ ಬಿಡಿಸುವುದು. ನೀರು ಆರಿದಾಗ ಮೇಲೆ ಹೆಪ್ಪುಗಟ್ಟಿದ ಮೇಣವನ್ನು ತೆಗೆದು ಮತ್ತೆ ಬಳಸುತ್ತೇವೆ, ಆದ್ದರಿಂದ ಬೆಲೆಯಲ್ಲಿ ಮೇಣದ ಪಾಲು ನೀವು ಅಂದುಕೊಂಡಷ್ಟಿಲ್ಲ ಎಂದೂ ಬರೆದಳು. 'ಮೂರು ತಿಂಗಳ ಶ್ರಮ' ಎಂದು ಎಲ್ಲರೂ ಬರೆಯುವಂತೆ ಅವಳು ಬರೆಯಲಿಲ್ಲ. ಬಟ್ಟೆ ಮೂರು ತಿಂಗಳು ನಮ್ಮಲ್ಲಿರುತ್ತದೆ. ಅಷ್ಟೂ ದಿನ ಕೈ ಅದರ ಮೇಲಿರುವುದಿಲ್ಲ. ಜೋಳದ ಹೊಲ, ಅಡುಗೆ, ಸಾವು, ಮದುವೆ ಎಲ್ಲ ನಡುವೆ ಬರುತ್ತವೆ ಎಂದು ಬರೆದಳು. ಬರೆದದ್ದನ್ನು ಓದಿಕೊಂಡಾಗ ಅವಳಿಗೆ ಸಮಾಧಾನವಾಯಿತು. ಮೊದಲ ಬಾರಿಗೆ ತಾನು ಗೋಗರೆಯುತ್ತಿಲ್ಲ, ವಿವರಿಸುತ್ತಿದ್ದೇನೆ ಅನ್ನಿಸಿತು.

ಉಳಿದದ್ದು ಮಗ್ಗದ ಚಿತ್ರವೊಂದೇ. ಕೈನೂಲಿನ ದಪ್ಪ ತೆಳು ಕಾಣುವಂತೆ ತೀರಾ ಹತ್ತಿರದಿಂದ ತೆಗೆಯಬೇಕೆಂದುಕೊಂಡಳು. ದಾರ್ಕೆಮ್ ಅಡುಗೆಮನೆಯಲ್ಲಿ ಹುಳಿಸಿದ ಸೋಯಾಕಾಳಿನ ತೆಂಪೆ ಕರಿಯುತ್ತಿದ್ದಳು. ಮಗ್ಗ ಬಿಚ್ಚದೆ ಅಲ್ಲೇ ಇತ್ತು. ವಿನಾರ್ಸಿ ಬಗ್ಗಿ ನಾಲ್ಕೈದು ಚಿತ್ರ ತೆಗೆದು, ಬೆಳಕಿಗೆ ಬಂದು, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

ಅಡ್ಡಕ್ಕೆ ಹೋಗಿದ್ದ ಹೊಕ್ಕಿನ ಎಳೆಗಳು ಒಂದು ಕಡೆ ಉಬ್ಬಿ ಒಂದು ಕಡೆ ಸಣ್ಣಗಾಗಿ ಬಂದಿದ್ದವು. ಉದ್ದಕ್ಕೆ ನಿಂತಿದ್ದ ಹಾಸಿನ ಎಳೆಗಳು ಮಾತ್ರ ಗೆರೆ ಹಾಕಿದಂತಿದ್ದವು. ಯಾವುದೂ ಇನ್ನೊಂದಕ್ಕಿಂತ ದಪ್ಪವಿರಲಿಲ್ಲ. ಅವಳು ಮತ್ತೆ ಒಳಹೋಗಿ ಹಾಸಿನ ಮೇಲೆ ಅಂಗೈ ಸವರಿದಳು. ಕೈನೂಲು ಅಂಗೈಗೆ ತೊಡರುತ್ತದೆ. ಇದು ತೊಡರಲಿಲ್ಲ.

"ಮಾಕ್." ತಾಯಿಯನ್ನು ಕರೆದಳು. "ಈ ಹಾಸು ಎಲ್ಲೀದು?"

ದಾರ್ಕೆಮ್ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿದಳು. "ಸಂತೇದು."

"ಗಿರಣಿ ನೂಲಾ?"

"ಸಂತೇಲಿ ಇನ್ನೇನು, ರಾಜಕುಮಾರಿ ನೂತಿದ್ದು ಸಿಗುತ್ತಾ?"

"ಯಾವಾಗಿಂದ?"

"ಹೆಗಲು ಸೋತಾಗಿಂದ. ಹಾಸಿನ ನೂಲಿಗೆ ಹುರಿ ಬಿಗಿ ಇರ್ಬೇಕು. ಗಂಜಿ ಹಾಕಿದ್ರೂ ನಂದು ತುಂಡಾಗೋಕೆ ಹತ್ತಿತು. ಒಂದು ಮೊಳ ನೇಯೋದ್ರೊಳಗೆ ನೂರು ಗಂಟು. ಎಷ್ಟಂತ ಗಂಟು ಹಾಕ್ಲಿ?" ಅವಳು ಎಣ್ಣೆಯಿಂದ ಕಣ್ಣೆತ್ತಲಿಲ್ಲ. "ಹೊಕ್ಕು ನಂದೇ. ಹೊಕ್ಕಿನಲ್ಲಿ ಒಂದೆಳೆ ಬೇರೆಯವರದಿಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಇದ್ದೆ. ಆ ನೂಲಿನ ಮೊದಲ್ನೇ ಬಟ್ಟೆ ನಿನ್ನ ಹಂಡೆಯಿಂದ ಬಂದಾಗ ಓಡಿ ಬಂದೆ ನೀನು. 'ಮಾಕ್, ನನ್ನ ನೀಲಿ ಕೂತುಬಿಡ್ತು, ಎಲ್ಲೂ ಮಚ್ಚೆ ಇಲ್ಲ' ಅಂತ ಕುಣಿದೆ. ಆಮೇಲೆ ಏನ್ ಹೇಳ್ಲಿ?"

ವಿನಾರ್ಸಿ ಹಿತ್ತಲಿಗೆ ಹೋಗಿ ಹಂಡೆಗಳ ಪಕ್ಕ ನಿಂತಳು. ಅವಳಿಗೆ ಆ ದಿನ ನೆನಪಿತ್ತು. ಕೈನೂಲು ನೀಲಿಯನ್ನು ಎಲ್ಲ ಕಡೆ ಒಂದೇ ಸಮ ಕುಡಿಯುವುದಿಲ್ಲ. ಸಡಿಲವಿದ್ದಲ್ಲಿ ಗಾಢ, ಬಿಗಿಯಿದ್ದಲ್ಲಿ ತಿಳಿ. ಕೆರೆಕ್ ಬಟ್ಟೆಯ ನೀಲಿ ಮೋಡದಂತಿರುತ್ತದೆ ಎಂದು ಹಳೆಯ ಹೆಂಗಸರು ಹೇಳುವುದು ಅದಕ್ಕೇ. ಎರಡು ಮಳೆಗಾಲದ ಹಿಂದೆ ಅವಳ ಬಟ್ಟೆಯ ನೀಲಿ ಥಟ್ಟನೆ ಸಮವಾಗಿತ್ತು. ಬೆಲ್ಲದ ಅಳತೆ ಬದಲಿಸಿದ್ದರಿಂದ ಹಾಗಾಯಿತೆಂದು ಅವಳು ನಂಬಿದ್ದಳು. ಪಕ್ಕದ ಹಳ್ಳಿಯ ಇಬ್ಬರು ಹುಡುಗಿಯರಿಗೆ ಆ ಅಳತೆಯನ್ನು ಕಲಿಸಿಯೂ ಇದ್ದಳು. ಬಣ್ಣದವಳಿಗೆ ಬಟ್ಟೆ ಹೇಳುವುದು ಕೇಳಿಸಬೇಕು. ಅವಳಿಗೆ ಹೊಗಳಿಕೆಯಷ್ಟೇ ಕೇಳಿಸಿತ್ತು.

ಸಂಜೆ ತಾಸ್ರಿಗೆ ವಿಷಯ ತಿಳಿಯಿತು. ಅವಳು ಬೇಲಿಯ ಮೇಲಿಂದಲೇ ತೀರ್ಪು ಕೊಟ್ಟಳು.

"ಜಕಾರ್ತದಲ್ಲಿ ಯಾರಮ್ಮ ಎಳೆ ಬಿಚ್ಚಿ ನೋಡ್ತಾರೆ? ಮೂರನೇ ಸ್ಲೈಡು ಹಂಗೇ ಬಿಡು. ನಿಮ್ಮಮ್ಮ ನೂಲ್ತಾಳೆ ಅನ್ನೋದು ಸುಳ್ಳಾ?"

"ಒಂದೊಂದು ಎಳೆಯೂ ಅಂತ ಬರ್ದಿದೀನಿ, ಯು."

"ಆ ಒಂದು ಪದ ತೆಗಿ. 'ನನ್ನ ತಾಯಿ ನೂಲುತ್ತಾಳೆ' ಅಂತ ಹಾಕು. ಸುಳ್ಳೂ ಅಲ್ಲ, ನಷ್ಟಾನೂ ಇಲ್ಲ. ಈ ಸುತ್ತಿನಲ್ಲಿ ಹಾಸಿನ ಎಳೆಗೆ ಸಂತೆ ನೂಲು ಹಾಕದೋರು ಯಾರಿದಾರೆ ಹೇಳು. ಎಲ್ರೂ ಕೈನೂಲು ಅಂತಾನೇ ಮಾರೋದು."

ಅದು ಜಾಣ ಸಲಹೆ ಎಂದು ವಿನಾರ್ಸಿಗೆ ಗೊತ್ತಾಯಿತು. ಆ ರೀತಿಯೂ ಬರೆದು ನೋಡಿದಳು. ರಾಟೆಯ ಮುಂದೆ ತಾಯಿಯ ಚಿತ್ರ, ಮೇಲೆ ಆ ಸಣ್ಣ ಸಾಲು. ಓದಿದವರು ಏನು ತಿಳಿಯುತ್ತಾರೋ ಅದನ್ನು ತಾನು ಬರೆದಿಲ್ಲ, ಆದರೆ ಅವರು ಅದನ್ನೇ ತಿಳಿಯಲಿ ಎಂದೇ ಬರೆದಿದ್ದೇನೆ ಅನ್ನಿಸಿತು. ಅವಳು ಅದನ್ನು ಅಳಿಸಿದಳು. ಹತ್ತನೆಯ ಚಿತ್ರದಲ್ಲಿ ಬೆಲೆಯ ಪಾಲುಗಳಿದ್ದವು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ನೂಲುವ ನೇಯುವ ಪಾಲು. ಮೂರನೆಯದು ಸುಳ್ಳಾದರೆ ಹತ್ತನೆಯದಕ್ಕೆ ನಿಲ್ಲಲು ನೆಲವಿಲ್ಲ.

ತಾಯಿಗೆ ಅವಳು ಹೇಳಿದ್ದು ಮರುದಿನ ಬೆಳಗ್ಗೆ, ದಾರ್ಕೆಮ್ ಮಗ್ಗಕ್ಕೆ ಕೂರುವ ಮೊದಲು.

"ಮಾಕ್, ಹಾಸು ಗಿರಣಿ ನೂಲು ಅಂತ ಬರೀತೀನಿ."

ದಾರ್ಕೆಮ್ ಸೊಂಟದ ಒರಗನ್ನು ಕೈಯಲ್ಲಿ ಹಿಡಿದು ನಿಂತಳು. "ಊರೆಲ್ಲ ನೋಡುತ್ತಾ ಅದನ್ನ?"

"ನೋಡ್ಬಹುದು."

"ಕುರಾನು ಓದೋಕೆ ಸೇರ್ತೀವಲ್ಲ, ಅಲ್ಲಿರೋರೂ?"

"ಅವರ ಮಕ್ಕಳು ತೋರಿಸ್ತಾರೆ."

"ಹಂಗಾದ್ರೆ ನನ್ನ ಮುಖ ತೆಗೆದುಬಿಡು. ಬರ್ಕೋ, ನಿನ್ನ ಅಂಗಡಿ ನಿಂದು. ದಾರ್ಕೆಮ್ ಕೈ ಸೋತಿದೆ ಅಂತ ನನ್ನ ಮುಖದ ಮೇಲೇ ಅಂಟಿಸಬೇಡ."

ಆಮೇಲೆ ಅವಳು ಮಗ್ಗಕ್ಕೆ ಕೂತು ಹಲಗೆಯನ್ನು ಜೋರಾಗಿ ಬಡಿದಳು. ಮಗ್ಗದ ಸದ್ದು ದಿನವಿಡೀ ನಿಲ್ಲಲಿಲ್ಲ. ಊಟಕ್ಕೆ ಕರೆದರೆ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಮುಕ್ರಿ ಲಾರಿಯಿಂದ ಬಂದವನು ಅತ್ತೆಯನ್ನೂ ಹೆಂಡತಿಯನ್ನೂ ನೋಡಿ, "ಇವತ್ತು ಕ್ವಾರಿಯಲ್ಲೇ ಸದ್ದು ಕಮ್ಮಿ ಇತ್ತು" ಎಂದ.

ವಿನಾರ್ಸಿ ಮುಖವಿಲ್ಲದ ಮೂರನೆಯ ಚಿತ್ರ ಮಾಡಿದಳು. ಬರೀ ರಾಟೆ, ಕದಿರು. ಅದರ ಮೇಲೆ ಬರೆದಳು: 'ನನ್ನ ತಾಯಿಗೆ ವಯಸ್ಸಾಗಿದೆ, ಈಗ ಅವರಿಂದ ಹಾಸಿನ ನೂಲು ನೂಲಲು ಆಗುವುದಿಲ್ಲ. ಹಾಸಿನ ಎಳೆಗೆ ಗಿರಣಿಯ ನೂಲು ಬಳಸುತ್ತೇವೆ.' ಬೆಲೆಯನ್ನು ಇಪ್ಪತ್ತಮೂರು ಲಕ್ಷಕ್ಕೆ ಇಳಿಸಿದಳು. ಪ್ರಮೇಸ್ತಿಗೆ ಕಳಿಸುವ ಮುನ್ನ ತಾಯಿಗೆ ಓದಿ ಹೇಳಬೇಕೆನ್ನಿಸಿತು. ದಾರ್ಕೆಮ್‌ಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ, ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ.

ಅವಳು ಮೊದಲಿನಿಂದ ಓದಿದಳು. ದಾರ್ಕೆಮ್ ಲಾಳಿ ಕೆಳಗಿಟ್ಟು ಕೇಳಿದಳು. ಮೂರನೆಯದಕ್ಕೆ ಬಂದಾಗ ಕೈ ಎತ್ತಿ ತಡೆದಳು.

"ಇದೇನಿದು, ವಯಸ್ಸಾಗಿದೆ ಅಂತ? ಕರುಣೆ ಕೇಳೋಕೆ ಕೂತಿದೀಯಾ? ಭಿಕ್ಷೆ ಚೀಟಿ ಥರ ಇದೆ."

"ನಿಜ ತಾನೇ, ಮಾಕ್?"

"ವಯಸ್ಸಾಗಿರೋದು ನಿಜ. ಕೊಳ್ಳೋರಿಗೆ ನನ್ನ ವಯಸ್ಸು ಯಾಕೆ ಬೇಕು? ಅವರು ವಯಸ್ಸು ಹೊದ್ಕೋತಾರಾ? ಬಟ್ಟೆ ಏನು ಅಂತ ಹೇಳು. ಹಾಸಿನ ನೂಲು ಸಂತೇದು, ಗಟ್ಟಿ, ಹರಿಯಲ್ಲ. ಹೊಕ್ಕು ಕೈನೂಲು, ನಮ್ಮ ಅರಳೇದು. ಅಷ್ಟೇ. ಅಳೋದು ಬೇಡ."

ವಿನಾರ್ಸಿ ಆ ಮಾತುಗಳನ್ನೇ ಬರೆದಳು. ಮುಂದೆ ಓದುತ್ತ ಹೋದಳು. ಮೇಣ, ನೀಲಿ, ಕುದಿನೀರು, ಹತ್ತನೆಯದರ ಪಾಲುಗಳು. ನೇಯ್ದವಳಿಗೆ ಇಷ್ಟು, ಮೇಣ ಬರೆದವಳಿಗೆ ಇಷ್ಟು, ಬಣ್ಣಕ್ಕೆ ಇಷ್ಟು, ಫೋನು ಹಿಡಿದು ಮಾರುವವಳಿಗೆ ಇಷ್ಟು.

"ಮಾರೋಳು ಅಂದ್ರೆ ನೀನಾ?"

"ಹೂಂ."

"ಬಣ್ಣಾನೂ ನೀನೇ. ಎರಡು ಪಾಲು ನಿಂಗೆ."

"ಹೂಂ, ಎರಡು."

"ಹಂಗೇ ಬರ್ದಿದೀಯಾ?"

"ಇಬ್ಬರೂ ಒಬ್ಬಳೇ ಅಂತ ಕೆಳಗೆ ಬರ್ದಿದೀನಿ."

ದಾರ್ಕೆಮ್ ಒರಗನ್ನು ಬಿಡಿಸಿ, ನೆಲಕ್ಕೆ ಕೈಯೂರಿ ಎದ್ದು, ಮಂಚದ ಕೆಳಗಿನಿಂದ ಬುಟ್ಟಿಯೊಂದನ್ನು ಎಳೆದಳು. ಒಳಗೆ ಗಿರಣಿ ನೂಲಿನ ಲಡಿಗಳಿದ್ದವು, ಕಟ್ಟಿದ ಕಾಗದದ ಪಟ್ಟಿಯನ್ನೂ ಬಿಚ್ಚಿರಲಿಲ್ಲ. ಒಂದನ್ನು ತೆಗೆದು ರಾಟೆಯ ಬಲಕ್ಕೆ, ತಾನು ನೂತ ಕದಿರಿನ ಪಕ್ಕಕ್ಕೆ ಇಟ್ಟಳು. ರಾಟೆಯ ಹಿಂದೆ ಕೂತು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡಳು.

"ಈಗ ತೆಗಿ. ಎರಡೂ ಕಾಣಬೇಕು. ಒಂದು ಕಂಡು ಒಂದು ಕಾಣದಿದ್ರೆ ಬೇಡ."

"ಮುಖಾನೂ?"

"ಹೇಳಿದ ಮೇಲೆ ಬಚ್ಚಿಟ್ಕೊಂಡ್ರೆ ಕದ್ದೋಳ ಥರ ಕಾಣ್ತೀನಿ. ತೆಗಿ, ಕಾಲು ಜೋಮು ಹಿಡೀತಿದೆ."

ಚಿತ್ರಮಾಲೆ ಶುಕ್ರವಾರ ಪುಟಕ್ಕೆ ಹೋಯಿತು. ಅದರ ಕೊನೆಗೆ ವಿನಾರ್ಸಿ ಇನ್ನೊಂದು ಮಾತು ಸೇರಿಸಿದ್ದಳು: ಎರಡು ಮಳೆಗಾಲದಿಂದ ಈಚೆಗೆ ಬಟ್ಟೆ ಕೊಂಡವರ ಚೀಟಿಯಲ್ಲಿ ತಪ್ಪಿದೆ, ಬೇಡವಾದರೆ ವಾಪಸು ತೆಗೆದುಕೊಳ್ಳುತ್ತೇನೆ. ಇಬ್ಬರು ವಾಪಸು ಕಳಿಸಿದರು. ಸುರಬಾಯದ ಒಬ್ಬಾಕೆ, ತನ್ನ ಮಗುವನ್ನು ಅದರಲ್ಲೇ ಜೋಳಿಗೆ ಕಟ್ಟಿ ಎತ್ತಿಕೊಳ್ಳುತ್ತೇನೆ, ಹರಿಯದಿದ್ದರೆ ಸಾಕು ಎಂದು ಬರೆದಳು. 'ಇಪ್ಪತ್ತಮೂರೂ ಜಾಸ್ತಿಯೇ' ಎಂದು ಯಾರೋ ಬರೆದರು.

ಪ್ರಮೇಸ್ತಿಯ ಫೋನು ಬರಲು ತಡವಾಯಿತು. ಬಂದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಮ್ಬಾಕ್, ಬೇಸರ ಮಾಡ್ಕೋಬೇಡಿ. ನನ್ನ ಗಿರಾಕಿಗಳು ಪೂರ್ತಿ ಕೈನೂಲು ಅಂತಾನೇ ಬರೋದು. ಮೂರು ತಗೋತೀನಿ, ಸ್ಲೈಡುಗಳನ್ನ ಪಕ್ಕದಲ್ಲೇ ಇಡ್ತೀನಿ. ಎಂಟು ಆಗಲ್ಲ."

ಮೂರು. ತಾಸ್ರಿಯ ಹಂಚು ಆ ವರ್ಷ ಬದಲಾಗಲಿಲ್ಲ. ಅವಳು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು, ಮೇಣದ ಕೆಲಸವಿಲ್ಲದ ದಿನ ಕಡಲೆಕಾಯಿ ಕೀಳಲು ಹೋದಳು. ವಿನಾರ್ಸಿಯ ಮೇಲೆ ಹಗೆ ಇಟ್ಟುಕೊಳ್ಳಲಿಲ್ಲ. ಸುಮ್ಮನೆ ಬಿಡಲೂ ಇಲ್ಲ. "ನಿಜ ಹೇಳೋಳು ಬಂದ್ಲು, ಮಾಡು ಸೋರ್ತಾ ಇದೆ, ಅದೂ ನಿಜಾನೇ" ಎಂದು ಬೇಲಿಯ ಮೇಲಿಂದ ಆಗಾಗ ಹೇಳುತ್ತಿದ್ದಳು. ವಿನಾರ್ಸಿ ತನ್ನ ಮಾರುವ ಪಾಲನ್ನು ಆ ಮೂರು ಬಟ್ಟೆಗಳಲ್ಲಿ ಅವಳಿಗೆ ಬಿಟ್ಟುಕೊಡಲು ಹೋದಳು. ತಾಸ್ರಿ ತೆಗೆದುಕೊಳ್ಳಲಿಲ್ಲ. "ಹತ್ತನೇದ್ರಲ್ಲಿ ಏನು ಬರ್ದಿದೀಯೋ ಅಷ್ಟೇ ಕೊಡು. ಇಲ್ದಿದ್ರೆ ಅದೂ ಸುಳ್ಳಾಗುತ್ತೆ."

ಪಕ್ಕದ ಹಳ್ಳಿಯಿಂದ, ಎಲ್ಲರೂ ಬುದೆ, ಅಂದರೆ ದೊಡ್ಡಮ್ಮ, ಎನ್ನುವ ರುಕಯಾ ಬಂದಳು. ಅವಳೂ ಬಟ್ಟೆ ಮಾರುವವಳೇ. ಹೊರಗೆ ನಿಂತೇ ಬೈದಳು. "ನಿನ್ನ ಮನೇದು ನೀನು ಬಿಚ್ಚಿದ್ರೆ ಬಿಚ್ಚು. ಈಗ ನನ್ನ ಗಿರಾಕಿಗಳು ಹತ್ತಿರದಿಂದ ಫೋಟೋ ಕಳಿಸಿ ಅಂತಾರೆ. ನಿಮ್ಮ ಹಾಸು ಎಲ್ಲೀದು ಅಂತ ಕೇಳ್ತಾರೆ. ನಾನೇನು ಹೇಳ್ಲಿ?"

ಒಳಗಿನಿಂದ ಉತ್ತರ ಕೊಟ್ಟವಳು ದಾರ್ಕೆಮ್. "ಸಂತೇದು ಅನ್ನು, ರುಕಯಾ. ನಂದೂ ಅಲ್ಲೀದೇ. ಒಂದೇ ಅಂಗಡೀಲಿ ಇಬ್ರೂ ಚೌಕಾಸಿ ಮಾಡಿದೀವಲ್ಲ."

ರುಕಯಾ ಕಾಫಿ ಕುಡಿಯದೆ ಹೋದಳು.

ಕುರಾನು ಓದುವ ಕೂಟಕ್ಕೆ ದಾರ್ಕೆಮ್ ಆ ಗುರುವಾರ ಹೋಗಲಿಲ್ಲ. ಅದರ ಮುಂದಿನ ವಾರ ಹೋದಳು. ಬಂದು ತಲೆವಸ್ತ್ರ ಮಡಚಿಟ್ಟು, ಜೋಳದ ಅನ್ನ ಬಡಿಸಿಕೊಂಡು, ಎಲ್ಲರ ಜೊತೆ ಕೂತು ಉಂಡಳು.

ಮೋಡ ಕಟ್ಟುವ ಹೊತ್ತಿಗೆ ಜಕಾರ್ತದಿಂದ ಪ್ರಮೇಸ್ತಿಯ ಸಂದೇಶ ಬಂತು. ಒಬ್ಬ ಗಿರಾಕಿ ಚಿತ್ರಗಳನ್ನೆಲ್ಲ ಓದಿದ್ದಾರೆ. ಹಾಸೂ ಹೊಕ್ಕೂ ಎರಡೂ ಕೈನೂಲಾದ ಒಂದೇ ಒಂದು ಬಟ್ಟೆ ಬೇಕಂತೆ. ಬೆಲೆ ನೀವೇ ಹೇಳಿ, ಎಷ್ಟು ಕಾಲವಾದರೂ ಕಾಯುತ್ತಾರಂತೆ.

ವಿನಾರ್ಸಿ ಅದನ್ನು ಮಗ್ಗದ ಪಕ್ಕ ಕೂತು ಓದಿ ಹೇಳಿದಳು. ದಾರ್ಕೆಮ್ ಹಲಗೆಯನ್ನು ಎಳೆಗಳ ನಡುವೆ ಅಡ್ಡಲಾಗಿ ಹಿಡಿದು, ಬಡಿಯದೆ ತಡೆದಳು. ಎಡಗೈಯಿಂದ ಬಲ ಹೆಗಲನ್ನು ಮುಟ್ಟಿ ನೋಡಿಕೊಂಡಳು. ಒಂದು ಬಟ್ಟೆ. ನೂರು ಗಂಟಿನದಾದರೂ ಒಂದು. ಅವಳ ಮುಖದಲ್ಲಿ ಆ ಲೆಕ್ಕ ನಡೆಯುವುದು ಮಗಳಿಗೆ ಕಾಣುತ್ತಿತ್ತು.

"ಇಲ್ಲ ಅಂತ ಬರಿ," ಎಂದಳು ದಾರ್ಕೆಮ್.

"ಕಾಯ್ತಾರಂತೆ, ಮಾಕ್."

"ಅವರು ಕಾಯ್ತಾರೆ. ಹೆಗಲು ಕಾಯಲ್ಲ. ಒಪ್ಕೊಂಡು ಅರ್ಧಕ್ಕೆ ತುಂಡಾದ್ರೆ, ಆವಾಗ ಮತ್ತೆ ಸಂತೆ ನೂಲು ಸೇರಿಸೋಕೆ ನನ್ನ ಕೈಯೇ ಹೋಗುತ್ತೆ. ನನ್ನ ಕೈ ನಂಗೊತ್ತು."

ವಿನಾರ್ಸಿ ಬರೆದಳು: 'ಅಂಥ ಬಟ್ಟೆ ಈಗ ನಮ್ಮ ಮನೆಯಲ್ಲಿ ಆಗುವುದಿಲ್ಲ.'

"ಓದು."

ಓದಿದಳು.

"ಈಗ ಅನ್ನೋದು ಯಾಕೆ? ಮುಂದೆ ಆಗುತ್ತಾ? ನೀನು ನೂಲ್ತೀಯಾ?"

ವಿನಾರ್ಸಿ ಆ ಪದವನ್ನು ಅಳಿಸಿ ಕಳಿಸಿದಳು. ದಾರ್ಕೆಮ್ ಬೆನ್ನನ್ನು ಹಿಂದಕ್ಕೆ ಒತ್ತಿ ಹಾಸನ್ನು ಬಿಗಿಮಾಡಿ, ಹಲಗೆಯನ್ನು ಬಡಿದಳು.